ಎರಡು ಸಿಎನ್‌ಸಿ ಮಷೀನಿಗೆ ಟರ್ಮ್ ಲೋನ್: ಬ್ಯಾಂಕಿನವರು ಪ್ರಾಜೆಕ್ಟ್ ರಿಪೋರ್ಟ್ ವಾಪಸ್ ಕೊಟ್ಟಾರ, ತಪ್ಪೆಲ್ಲೈತಿ?

ಮಚ್ಛೆ ಟರ್ನರ್:
ಎಲ್ಲಾರಿಗೂ ನಮಸ್ಕಾರ್ರಿ. ಬೆಳಗಾವಿ ಮಚ್ಛೆ ಕಡೆ ಬಾಡಿಗಿ ಶೆಡ್ ಹಿಡದು ಎರಡು ಸಿಎನ್‌ಸಿ ಟರ್ನಿಂಗ್ ಮಷೀನ್ ಹಾಕೂ ವಿಚಾರ ಐತಿ. ಕೆಲಸ ಬರೇ ಜಾಬ್‌ವರ್ಕ್. ಕಾಸ್ಟಿಂಗ್ ಅವರು ಕಳಸ್ತಾರ, ನಾವು ಮಷೀನಿಂಗ್ ಮಾಡಿ ವಾಪಸ್ ಕೊಡೂದು. ರಿಪೋರ್ಟ್ ಬ್ಯಾರೆಯವರ ಕಡೆ ರೊಕ್ಕ ಕೊಟ್ಟು ಬರಸೀನಿ. ಅದರಾಗಿನ ಮುಖ್ಯ ಲೆಕ್ಕ ಇಷ್ಟ:

ಮಷೀನು ಒಂದಕ್ಕ 22 ಲಕ್ಷದಂಗ ಎರಡಕ್ಕ 44 ಲಕ್ಷ. ಚಕ್, ಟೂಲ್ ಹೋಲ್ಡರ್, ಗೇಜು 4 ಲಕ್ಷ. ಕಂಪ್ರೆಸರ್, ಸ್ಟೆಬಿಲೈಜರ್, ವೈರಿಂಗ್ 2 ಲಕ್ಷ. ಶೆಡ್ ಡಿಪಾಜಿಟ್, ಮಷೀನ್ ಇಳಸೂ ಖರ್ಚು, ಕೈಯಾಗಿನ ಬಂಡವಾಳ ಸೇರಿ 4 ಲಕ್ಷ. ಒಟ್ಟು 54. ಸಾಲ 36, ನಂದು 18. ಬಡ್ಡಿ 11% ಹಿಡದಾರ. ಆರು ತಿಂಗಳ ಮೊರಟೋರಿಯಂ, ಆಮ್ಯಾಲೆ ತಿಂಗಳಿಗೆ 50,000 ಅಸಲಿನಂಗ 72 ಕಂತು.

ಮೊದಲ ವರ್ಷದ ಆದಾಯ 49.9 ಲಕ್ಷ, ಡಿಎಸ್‌ಸಿಆರ್, ಅಂದ್ರ ಉಳಿಯೂ ರೊಕ್ಕ ಬ್ಯಾಂಕಿಗೆ ಕಟ್ಟೂ ಅಸಲು-ಬಡ್ಡಿಯ ಎಷ್ಟು ಪಟ್ಟು ಅನ್ನೂದು, 3.4 ಅಂತ ತೋರಿಸ್ಯಾರ. ಬ್ಯಾಂಕಿನ ಸಾಹೇಬ್ರು ಓದಿ ಮೂರು ಪ್ರಶ್ನಿ ಬರದು ವಾಪಸ್ ಕೊಟ್ರು. ಒಂದು, ಈ ಆದಾಯ ಎಲ್ಲಿಂದ ಬಂತು? ಎರಡು, ಜಿಎಸ್‌ಟಿ ರೊಕ್ಕ ಯಾರು ಹಾಕೋರು? ಮೂರು, ಬಾಕಿ 15 ದಿನದಾಗ ಬರ್ತೈತಿ ಅಂತ ಹೆಂಗ ಬರದ್ರಿ? ಡಿಎಸ್‌ಸಿಆರ್ 3.4 ಇದ್ದರ ಅವರಿಗೆ ಖುಷಿ ಆಗಬೇಕಿತ್ತಲ್ರಿ?

ಬನಹಟ್ಟಿ ಮಗ್ಗ:
ಅಣ್ಣಾರ, ಇಷ್ಟೆಲ್ಲ ತಲಿ ಕೆಡಿಸ್ಕೊಳ್ಳೂದ ಬ್ಯಾಡ. ಪಿಎಂಇಜಿಪಿ ಸ್ಕೀಮಿಗೆ ಅರ್ಜಿ ಹಾಕ್ರಿ, 35% ಸಬ್ಸಿಡಿ ಸಿಗತದ. ಸಾಲ ಅಷ್ಟು ಕಡಿಮಿ ಆತು, ಕಂತೂ ಇಳೀತು.

ಸಾಲದ ಕಡತ:
ಮಗ್ಗದವರೇ, ಎಲ್ಲರಿಗೂ 35% ಇಲ್ಲ. ಅದು ಗ್ರಾಮೀಣ ಪ್ರದೇಶದ ವಿಶೇಷ ವರ್ಗಕ್ಕೆ. ಸಾಮಾನ್ಯ ವರ್ಗಕ್ಕೆ ನಗರದಲ್ಲಿ 15, ಹಳ್ಳಿಯಲ್ಲಿ 25. ಸಬ್ಸಿಡಿ ಹಣ ಬಂದರೂ ಮೂರು ವರ್ಷ ಠೇವಣಿಯಲ್ಲೇ ಕೂರುತ್ತದೆ. ಅಷ್ಟರ ಮಟ್ಟಿಗೆ ಬಡ್ಡಿ ಬೀಳುವುದಿಲ್ಲ ನಿಜ, ಆದರೆ ಅದನ್ನು ನಂಬಿ ಮೊದಲ ವರ್ಷದ ಕಂತು ಕಟ್ಟುವ ಲೆಕ್ಕ ಹಾಕಿದರೆ ಕೈಗೆ ಏನೂ ಸಿಗುವುದಿಲ್ಲ. ಇವರ ಸಮಸ್ಯೆ ಸಬ್ಸಿಡಿಯದ್ದಲ್ಲ, ಆದಾಯದ್ದು.

ಟರ್ನರ್ ಅವರೇ, ವರ್ಷಗಳ ಕಾಲ ಇಂಥ ಕಡತಗಳನ್ನೇ ಓದಿದ್ದೇನೆ. ಡಿಎಸ್‌ಸಿಆರ್ 3.4 ಕಂಡರೆ ಓದುವವನಿಗೆ ಖುಷಿಯಾಗುವುದಿಲ್ಲ, ಅನುಮಾನ ಬರುತ್ತದೆ. ಅಷ್ಟು ಲಾಭವಿದ್ದರೆ ಆರೂವರೆ ವರ್ಷದ ಸಾಲ ಯಾಕೆ, ಎರಡೂವರೆ ವರ್ಷದಲ್ಲಿ ತೀರಿಸಬಹುದಲ್ಲ ಎಂಬುದೇ ಮೊದಲ ಪ್ರಶ್ನೆ. ಆ 49.9 ಲಕ್ಷ ಎಷ್ಟು ಗಂಟೆಯ ಲೆಕ್ಕ? ಗಂಟೆಗೆ ಎಷ್ಟು ದರ? ರಿಪೋರ್ಟಿನಲ್ಲಿ ಕರೆಂಟು, ಸಂಬಳ ಎಷ್ಟು ತೋರಿಸಿದ್ದಾರೆ? ಅದನ್ನು ಹಾಕಿ.

ಮಚ್ಛೆ ಟರ್ನರ್:
330 ದಿನ, ದಿನಕ್ಕ 24 ತಾಸು, ಎರಡು ಮಷೀನು, ಅದರಾಗ 90% ಓಡ್ತಾವ ಅಂತ. ಒಟ್ಟು 14,256 ತಾಸು. ತಾಸಿಗೆ 350 ರೂಪಾಯಿ. ಆಪರೇಟರ್ ನಾಕು ಮಂದಿ. ಕರೆಂಟು ವರ್ಷಕ್ಕ 1.5 ಲಕ್ಷ. ಶೆಡ್ಡಿನ ಮೀಟರ್ 20 ಎಚ್‌ಪಿ ಅಂತ ಮಾಲಕರು ಹೇಳ್ಯಾರ.

ಸಾಲದ ಕಡತ:
ಸಿಕ್ಕಿತು ನೋಡಿ. ನಿಮ್ಮ ರಿಪೋರ್ಟಿಗೆ ನಿಮ್ಮ ಕರೆಂಟಿನ ಸಾಲೇ ಸಾಕ್ಷಿ ಹೇಳುತ್ತಿದೆ.

1.5 ಲಕ್ಷವನ್ನು ಯುನಿಟ್ಟಿಗೆ ಸುಮಾರು 8 ರೂಪಾಯಿಯಂತೆ ಭಾಗಿಸಿ, 18,750 ಯುನಿಟ್ ಬರುತ್ತದೆ. ನಿಮ್ಮ ಗಾತ್ರದ ಮಷೀನು ಕೂಲಂಟ್ ಪಂಪು, ಕಂಪ್ರೆಸರಿನ ಪಾಲು ಸೇರಿ ತಾಸಿಗೆ ಸರಾಸರಿ 5 ಯುನಿಟ್ ತಿನ್ನುತ್ತದೆ ಎಂದುಕೊಂಡರೆ, ಆ ಕರೆಂಟಿಗೆ ಮಷೀನು ಓಡುವುದು 3,750 ತಾಸು. ನೀವು ಬರೆದದ್ದು 14,256. ಬ್ಯಾಂಕಿನವರು ಈ ಭಾಗಾಕಾರವನ್ನು ಪೆನ್ಸಿಲಿನಲ್ಲಿ ಅಂಚಿನಲ್ಲೇ ಮಾಡುತ್ತಾರೆ. ಮೂರು ಪಾಳಿಗೆ ಎರಡು ಮಷೀನು ಎಂದರೆ ಆರು ಆಪರೇಟರ್, ಮೇಲೆ ವಾರದ ರಜೆಗೆ ಬದಲಿಯವರು. ನೀವು ತೋರಿಸಿದ್ದು ನಾಲ್ಕು. ಅಂದರೆ ಆದಾಯ ಮೂರು ಪಾಳಿಯದ್ದು, ಸಂಬಳ ಎರಡು ಪಾಳಿಯದ್ದು, ಕರೆಂಟು ಒಂದು ಪಾಳಿಗೂ ಸಾಲದ್ದು.

20 ಎಚ್‌ಪಿ ಮೀಟರಿನ ಮೇಲೆ ಎರಡು ಸಿಎನ್‌ಸಿ, ಕಂಪ್ರೆಸರ್ ಒಟ್ಟಿಗೆ ನಡೆಯುವುದಿಲ್ಲ. ಕೊಟೇಶನ್ನಿನಲ್ಲಿ ಪ್ರತಿ ಮಷೀನಿನ ಕೆವಿಎ ಬರೆದಿರುತ್ತಾರೆ, ಕೂಡಿಸಿ ನೋಡಿ. ಲೋಡ್ ಹೆಚ್ಚಿಸಲು ಹೆಸ್ಕಾಂಗೆ ಕಟ್ಟುವ ಠೇವಣಿಯೂ ತಗಲುವ ಸಮಯವೂ ರಿಪೋರ್ಟಿನಲ್ಲಿ ಇರಬೇಕು. ಮಷೀನು ಬಂದು ಶೆಡ್ಡಿನಲ್ಲಿ ಕೂತು, ಲೋಡ್ ಸಿಗದೆ, ಮೊರಟೋರಿಯಂ ಅಲ್ಲೇ ಕರಗುವುದು ತೀರಾ ಸಾಮಾನ್ಯ.

ಟೂಲ್‌ರೂಮ್ ಮಾಮಾ:
350 ಅನ್ನೂ ದರ ಎಲ್ಲಿಂದ ತಂದ್ರಿ? ಕೆಲಸ ಕೊಡಾವರು ತಾಸಿನ ಮ್ಯಾಲೆ ಕೊಡೂದಿಲ್ಲ, ಪೀಸಿನ ಮ್ಯಾಲೆ ಕೊಡ್ತಾರ. ಡ್ರಾಯಿಂಗ್ ಕೈಯಾಗ ಐತೇನು?

ಮಚ್ಛೆ ಟರ್ನರ್:
ಐತ್ರಿ ಮಾಮಾ. ಒಂದು ಫ್ಲ್ಯಾಂಜ್, ಪೀಸಿಗೆ 20 ರೂಪಾಯಿ ಅಂದಾರ. ಸೈಕಲ್ ಎರಡೂವರಿ ನಿಮಿಷ. ಅದರ ಇಮೇಲ್ ಐತಿ, ಆರ್ಡರ್ ಇನ್ನೂ ಇಲ್ಲ.

ಟೂಲ್‌ರೂಮ್ ಮಾಮಾ:
ಎರಡೂವರಿ ನಿಮಿಷ ಅಂದ್ರ ಪ್ರೋಗ್ರಾಮ್ ಓಡೂ ಟೈಮು. ಪೀಸ್ ಬಿಚ್ಚಿ, ಚಕ್ಕಿನ ಜಾ ಮ್ಯಾಲಿನ ಚಿಪ್ಪು ಗಾಳಿ ಹೊಡದು, ಹೊಸಾದು ಕೂಡ್ರಿಸಿ ಬಾಗಲಾ ಹಾಕಾಕ ಅರ್ಧಾ ನಿಮಿಷ ಹಿಡೀರಿ. ಮೂರು ನಿಮಿಷಕ್ಕ ಒಂದು, ತಾಸಿಗೆ 20 ಪೀಸು, 400 ರೂಪಾಯಿ. ಅದು ಮಷೀನು ಓಡ್ತಿರೂ ತಾಸಿಗೆ. ಇನ್ಸರ್ಟ್ ಬದಲಿ, ಆಫ್‌ಸೆಟ್, ಸೆಟ್ಟಿಂಗ್, ಕಾಸ್ಟಿಂಗ್ ಬರೂಮಟ ಕಾಯೂದು, ಇವೆಲ್ಲ ಮಷೀನ್ ಎಷ್ಟು ಓಡ್ತೈತಿ ಅಂತ ನೀವು ಹಿಡಿಯೂ ಪರ್ಸೆಂಟಿನ ಒಳಗ ಬಂದುಬಿಟ್ಟವು. ದರದಾಗೂ ಕಡದು ಪರ್ಸೆಂಟಿನಾಗೂ ಕಡದ್ರ ಒಂದ ನಷ್ಟ ಎರಡು ಸಲ ಆಕ್ಕೈತಿ. ಹಂಗ ಮಾಡಬ್ಯಾಡ್ರಿ.

ಇನ್ನೊಂದು ಕೇಳ್ರಿ. ಕಾಸ್ಟಿಂಗ್‌ದಾಗ ಬ್ಲೋಹೋಲ್ ಬಂದ್ರ ಆ ಪೀಸಿನ ಮಷೀನಿಂಗ್ ಕೂಲಿ ಯಾರು ಕೊಡ್ತಾರ? ಮಷೀನಿಂಗ್ ಆದಮ್ಯಾಲೇ ತೂತು ಕಾಣೂದು. ಅದನ್ನ ಇಮೇಲ್‌ದಾಗ ಈಗ ಬರಸ್ಕೊಳ್ರಿ.

ಲೆಕ್ಕದ ಅಕ್ಕ:
ಹಾಗಾದರೆ 400ನ್ನೇ ಇಟ್ಟು ನಾನು ಮತ್ತೆ ಹಾಕಿದೆ. ಎರಡು ಪಾಳಿ, 300 ದಿನ, ಎರಡು ಮಷೀನು ಎಂದರೆ ಸಿಗುವ ತಾಸು 9,600. ಮೊದಲ ವರ್ಷ 50%, ಎರಡನೆಯದಕ್ಕೆ 70%, ಮೂರನೆಯದಕ್ಕೆ 80% ಎಂದಿಟ್ಟೆ. ಎರಡನೇ ವರ್ಷವನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಪೂರ್ತಿ ಕಂತು ಬೀಳುವ ಮೊದಲ ವರ್ಷ ಅದು.

6,720 ತಾಸಿಗೆ ಆದಾಯ 26.88 ಲಕ್ಷ. ನಾಲ್ಕು ಆಪರೇಟರಿಗೆ ತಲಾ 17,500ರಂತೆ 8.4 ಲಕ್ಷ. ಕರೆಂಟು 2.69, ಇನ್ಸರ್ಟ್ ಮತ್ತು ಕೂಲಂಟಿಗೆ ತಾಸಿಗೆ 30 ರೂಪಾಯಿಯಂತೆ 2.02, ರಿಪೇರಿ 1, ಬಾಡಿಗೆ 2.4, ವಿಮೆ, ಲೆಕ್ಕಪತ್ರ, ಟೆಂಪೋ ಎಲ್ಲ ಸೇರಿ 1.2. ಖರ್ಚು 17.71, ಉಳಿಯುವುದು 9.17 ಲಕ್ಷ. ಆ ವರ್ಷ ಬ್ಯಾಂಕಿಗೆ ಹೋಗುವುದು ಅಸಲು 6, ಬಡ್ಡಿ 3.33, ಒಟ್ಟು 9.33. ಡಿಎಸ್‌ಸಿಆರ್ 0.98! ಮೊದಲ ವರ್ಷ ಇನ್ನೂ ಕೆಟ್ಟದ್ದು: ಉಳಿಯುವುದು 2.84, ಕಟ್ಟಬೇಕಾದದ್ದು 6.89. ಮೂರನೇ ವರ್ಷಕ್ಕೆ ಮಾತ್ರ 1.42ಕ್ಕೆ ಬರುತ್ತದೆ. ಸವಕಳಿ ಮಷೀನಿನ ಮೇಲೆ 15% ಕಳೆದರೆ ಮೊದಮೊದಲಿನ ವರ್ಷಗಳಲ್ಲಿ ಆದಾಯ ತೆರಿಗೆ ಬೀಳುವುದಿಲ್ಲ, ಅದಕ್ಕೇ ಅದನ್ನು ಹಿಡಿದಿಲ್ಲ.

ಮಚ್ಛೆ ಟರ್ನರ್:
ಅಕ್ಕಾರ, ಮೊದಲ ವರ್ಷ 6.89 ಹೆಂಗ್ರಿ? ಆರು ತಿಂಗಳ ಮೊರಟೋರಿಯಂ ಐತಲ್ಲ, ಆರು ಕಂತು ಅಂದ್ರ 3 ಲಕ್ಷ.

ಲೆಕ್ಕದ ಅಕ್ಕ:
ಮೊರಟೋರಿಯಂ ಅಸಲಿಗೆ, ಬಡ್ಡಿಗಲ್ಲ. 36 ಲಕ್ಷಕ್ಕೆ 11%ರಂತೆ ತಿಂಗಳಿಗೆ 33,000 ಬಡ್ಡಿ ಹಣ ಬಿಡುಗಡೆಯಾದ ತಿಂಗಳಿಂದಲೇ ಓಡುತ್ತದೆ. ಮೊದಲ ಆರು ತಿಂಗಳಿಗೆ 1.98 ಲಕ್ಷ, ಮುಂದಿನ ಆರಕ್ಕೆ 1.91, ಅದರ ಮೇಲೆ ಅಸಲು 3. ನಿಮ್ಮ ರಿಪೋರ್ಟಿನಲ್ಲಿ ಮೊದಲ ಆರು ತಿಂಗಳ ಬಡ್ಡಿ ಎಲ್ಲೂ ಇಲ್ಲದಿದ್ದರೆ ಅದೂ ಒಂದು ತಪ್ಪು.

ಹೊನಗಾ ಫಿಟ್ಟರ್:
ಹಂಗಾದ್ರ ಮೊದಲ ಒಂದ ಮಷೀನ್ ತಗೊಳ್ರಿ. ಅರ್ಧಾ ಸಾಲ, ಅರ್ಧಾ ಭಾರ. ಓಡಿದ ಮ್ಯಾಲೆ ಎರಡನೇದು.

ಲೆಕ್ಕದ ಅಕ್ಕ:
ಅದನ್ನೂ ಹಾಕಿ ನೋಡಿದೆ ಫಿಟ್ಟರ್ ಅವರೇ. ಭಾರ ಅರ್ಧವಾಗುತ್ತದೆ, ಆದಾಯವೂ ಅರ್ಧವಾಗುತ್ತದೆ. ಬಾಡಿಗೆ, ಲೆಕ್ಕಪತ್ರ, ಟೆಂಪೋ ಸ್ವಲ್ಪ ಇಳಿದರೂ ಅರ್ಧವಾಗುವುದಿಲ್ಲ. ಎರಡನೇ ವರ್ಷ ಉಳಿಯುವುದು 4.19, ಕಟ್ಟುವುದು 4.67. ಎರಡು ಮಷೀನಿನ ಲೆಕ್ಕಕ್ಕಿಂತ ಕೆಳಗೆ, 0.9. ನಷ್ಟದ ಮೊತ್ತ ಸಣ್ಣದು ಎಂಬುದಷ್ಟೇ ಲಾಭ.

ಟೂಲ್‌ರೂಮ್ ಮಾಮಾ:
ಖರ್ಚಿನಾಗ ದೊಡ್ಡ ತುಂಡು ಪಗಾರ. ಅದಕ್ಕ ಕೈ ಹಾಕ್ರಿ. ಎರಡೂವರಿ ನಿಮಿಷ ಮಷೀನ್ ತಾನ ಓಡ್ತೈತಿ, ಆಪರೇಟರ್‌ಗೆ ಕೆಲಸ ಅರ್ಧಾ ನಿಮಿಷ. ಎರಡೂ ಮಷೀನ್ ಎದರಾಬದರಾ ನಿಲ್ಲಿಸಿದ್ರ ಒಬ್ಬಾಂವ ಎರಡೂ ನೋಡ್ತಾನ. ಪಾಳಿಗೆ ಒಬ್ಬ ಆಪರೇಟರ್, ಒಟ್ಟು ಒಬ್ಬ ಹೆಲ್ಪರ್ ಸಾಕು. ಉದ್ಯಮಬಾಗ್‌ದಾಗ ಇದು ಹೊಸಾದೇನಲ್ಲ.

ಆದ್ರ ಸೈಕಲ್ ಒಂದು ನಿಮಿಷದ ಒಳಗಿನ ಸಣ್ಣ ಬುಶ್ ಬಂದ್ರ ಈ ಲೆಕ್ಕ ಬೀಳತೈತಿ. ಒಂದು ಮಷೀನ್ ನಿಂತು ಕಾಯ್ತೈತಿ. ಟಾಲರೆನ್ಸ್ ಬಿಗಿ ಇದ್ದು ಪ್ರತಿ ಪೀಸೂ ಗೇಜ್ ಹಾಕಬೇಕಂದ್ರೂ ಆಗೂದಿಲ್ಲ. ರಿಪೋರ್ಟ್‌ದಾಗ ಮಷೀನ್ ಇಡೂ ನಕ್ಷಿ ಹಾಕಿ, ಯಾವ ಪೀಸಿನ ಮ್ಯಾಲೆ ಈ ಲೆಕ್ಕ ಅಂತ ಬರೀರಿ.

ಸಾಲದ ಕಡತ:
ಮಾಮಾ ಹೇಳಿದ್ದು ರಿಪೋರ್ಟ್ ಬರೆಯುವವರಿಗೆ ಹೊಳೆಯುವುದೇ ಇಲ್ಲ, ಅವರು ಶೆಡ್ಡಿಗೆ ಬಂದಿರುವುದಿಲ್ಲ. ಇದರ ಜೊತೆ ಮೊರಟೋರಿಯಂ ಆರರ ಬದಲು ಹನ್ನೆರಡು ತಿಂಗಳು ಕೇಳಿ. ಕಾರಣ ಬರೆದು ಕೇಳಬೇಕು: ಮಷೀನು ಬರಲು ಇಷ್ಟು ವಾರ, ಲೋಡ್ ಸಿಗಲು ಇಷ್ಟು, ಸ್ಯಾಂಪಲ್ ಪಾಸಾಗಲು ಇಷ್ಟು, ಮೊದಲ ಬಿಲ್ಲಿನ ಹಣ ಕೈಗೆ ಬರಲು ಇಷ್ಟು. ಬರೇ ‘ಅನುಕೂಲಕ್ಕಾಗಿ’ ಎಂದು ಬರೆದರೆ ಕೊಡುವುದಿಲ್ಲ.

ಅಕ್ಕ, ಪಾಳಿಗೆ ಒಬ್ಬರಂತೆ ಹಿಡಿದು ಇನ್ನೊಮ್ಮೆ ಹಾಕುತ್ತೀರಾ?

ಲೆಕ್ಕದ ಅಕ್ಕ:
ಇಬ್ಬರು ಆಪರೇಟರಿಗೆ 4.2, ಹೆಲ್ಪರಿಗೆ ತಿಂಗಳಿಗೆ 12,000ರಂತೆ 1.44. ಸಂಬಳ 5.64ಕ್ಕೆ ಇಳಿಯಿತು. ಮೊರಟೋರಿಯಂ ಒಂದು ವರ್ಷ, ಆಮೇಲೆ ಅದೇ 72 ಕಂತು.

ಮೊದಲ ವರ್ಷ ಉಳಿಯುವುದು 5.60, ಬಡ್ಡಿ ಮಾತ್ರ 3.96, ಅನುಪಾತ 1.41. ಎರಡನೇ ವರ್ಷ ಉಳಿಯುವುದು 11.93, ಕಟ್ಟುವುದು 9.66, ಅಂದರೆ 1.23. ಮೂರನೇ ವರ್ಷ ಸಂಬಳ 5% ಏರಿಸಿ ಹಾಕಿದರೂ ಉಳಿಯುವುದು 14.82, ಕಟ್ಟುವುದು 9, ಅಂದರೆ 1.65. ಅಲ್ಲಿಂದ ಮುಂದೆ ಬಡ್ಡಿ ಇಳಿಯುತ್ತಾ ಹೋಗುವುದರಿಂದ ಸರಾಸರಿ ಒಂದೂವರೆ ದಾಟುತ್ತದೆ.

ಕುತ್ತಿಗೆ ಹಿಡಿಯುವುದು ಎರಡನೇ ವರ್ಷ. ಅದನ್ನು ತಾಸಿಗೆ ಇಳಿಸಿ ನೋಡಿ. ತಾಸಿಗೆ 400 ಬಂದರೆ ಕರೆಂಟು 40, ಟೂಲು 30 ಹೋಗಿ 330 ಉಳಿಯುತ್ತದೆ. ಓಡಲಿ ಬಿಡಲಿ ತಪ್ಪದ ಖರ್ಚು 10.24 ಲಕ್ಷ, ಬ್ಯಾಂಕಿಗೆ 9.66. ಎರಡೂ ತುಂಬಲು ಸುಮಾರು 6,030 ತಾಸು ಬೇಕು. ಅಂದರೆ ಪ್ರತಿ ಮಷೀನು ದಿನಕ್ಕೆ 10 ತಾಸು. ನೀವು ಹಿಡಿದದ್ದು 11.2 ತಾಸು. ನಡುವೆ ಇರುವುದು ಒಂದು ತಾಸಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ದಿನಾ ಸಂಜೆ ಮಷೀನಿನ ಅವರ್‌ಮೀಟರ್ ನೋಡಿದರೆ ಕಂತು ಹುಟ್ಟಿತೋ ಇಲ್ಲವೋ ಗೊತ್ತಾಗುತ್ತದೆ.

ಪೀಸಿನ ದರ 20ರಿಂದ 18ಕ್ಕೆ ಇಳಿಸಿದರೆ ಎರಡನೇ ವರ್ಷ 0.96. ಬಡ್ಡಿ 1% ಏರಿದರೆ ಹೋಗುವುದು ಮೂವತ್ತು ಮೂವತ್ಮೂರು ಸಾವಿರ ಅಷ್ಟೇ. ಎಲ್ಲರೂ ಬಡ್ಡಿ ದರಕ್ಕೆ ಬಡಿದಾಡುತ್ತಾರೆ, ಹೊಡೆತ ಬೀಳುವುದು ಪೀಸಿನ ದರದಿಂದ.

ಸಾಲದ ಕಡತ:
ಈ ಎರಡು ಸಾಲುಗಳನ್ನು, 18 ರೂಪಾಯಿ ಆದರೆ ಏನು, 10 ತಾಸಿಗಿಂತ ಕಡಿಮೆ ಓಡಿದರೆ ಏನು ಎಂಬುದನ್ನು, ರಿಪೋರ್ಟಿನಲ್ಲೇ ಬರೆಯಿರಿ. ಮುಚ್ಚಿಟ್ಟರೆ ಅವರೇ ಹುಡುಕುತ್ತಾರೆ.

ಒಂದು ಮುಳ್ಳು ಉಳಿಯಿತು. ಈ 11.93ರಲ್ಲಿ ನಿಮ್ಮ ಮನೆ ಖರ್ಚು ಎಲ್ಲಿ? ಮಾಲೀಕ ಸಂಬಳ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಖರ್ಚಿನ ಪಟ್ಟಿಯಲ್ಲಿ ಬರುವುದಿಲ್ಲ. ತಿಂಗಳಿಗೆ 25,000 ತೆಗೆದರೂ ವರ್ಷಕ್ಕೆ 3 ಲಕ್ಷ, ಆಗ 0.92.

ಲೆಕ್ಕದ ಅಕ್ಕ:
ಇದನ್ನು ನಾನು ಒಪ್ಪುವುದಿಲ್ಲ ಸರ್. ಡಿಎಸ್‌ಸಿಆರ್ ಸೂತ್ರದಲ್ಲಿ ನಿವ್ವಳ ಲಾಭ, ಸವಕಳಿ, ಬಡ್ಡಿ ಇವಿಷ್ಟೇ. ಮಾಲೀಕ ಮನೆ ಖರ್ಚಿಗೆ ತೆಗೆಯುವ ಡ್ರಾಯಿಂಗ್ಸ್ ಅಲ್ಲಿ ಇಲ್ಲ.

ಸಾಲದ ಕಡತ:
ಸೂತ್ರದಲ್ಲಿ ಇಲ್ಲ, ಖಾತೆಯಲ್ಲಿ ಇರುತ್ತದೆ. ಬೇರೆ ಆದಾಯ ಇದೆ ಎಂದು ತೋರಿಸಿದರೆ ನಾನು ಬಿಡುತ್ತಿದ್ದೆ, ಇಲ್ಲದಿದ್ದರೆ ಕೇಳುತ್ತಿದ್ದೆ. ಬೇರೆಯವರು ಕೇಳದೆಯೂ ಇರಬಹುದು.

ಮಚ್ಛೆ ಟರ್ನರ್:
ಒಂದು ಪಾಳಿ ನಾನ ಮಷೀನ್ ಮ್ಯಾಲೆ ನಿಂತ್ರ? 12 ವರ್ಷ ಅದ ಕೆಲಸ ಮಾಡೀನಿ. ಒಬ್ಬ ಆಪರೇಟರ್ ಪಗಾರ 2.1 ಉಳೀತೈತಲ್ಲ.

ಟೂಲ್‌ರೂಮ್ ಮಾಮಾ:
ನಿಲ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಹೊಸಾ ಕೆಲಸ ತರಾಕ, ಬಾಕಿ ವಸೂಲಿಗೆ ಯಾರು ಹೋಗೋರು?

ಬಿಜಾಪುರ ದ್ರಾಕ್ಷಿ:
ನಡುವ ಬಂದೆ, ಕ್ಷಮಿಸ್ರಿ. ನಮ್ಮದು ಒಣದ್ರಾಕ್ಷಿ ಗ್ರೇಡಿಂಗ್. ಮಾಲು ಬರೂದ ಬ್ಯಾಸಗಿಯಾಗ, ಮಾರೂದು ವರ್ಷಾಪೂರ್ತಿ. ನಮಗೂ ತಿಂಗಳಾ ಒಂದ ಸಮ ಕಂತು ಹಾಕ್ಯಾರ. ಅದನ್ನ ಬದಲಿ ಮಾಡಬಹುದೇನ್ರಿ?

ಸಾಲದ ಕಡತ:
ಮಂಜೂರಾತಿಗೆ ಮೊದಲು ಕೇಳಿದರೆ ಆಗುತ್ತದೆ: ತಿಂಗಳವಾರು ನಗದು ಹರಿವಿನ ಪಟ್ಟಿ ಕೊಟ್ಟು, ಮೂರು ತಿಂಗಳಿಗೊಮ್ಮೆ ಏರುಪೇರಿನ ಕಂತು ಎಂದು. ಮಂಜೂರಾದ ಮೇಲೆ ಬದಲಿಸಲು ಹೋದರೆ ಅದು ಪುನರ್‌ರಚನೆಯಾಗಿ, ನಿಮ್ಮ ಖಾತೆಗೆ ತೊಂದರೆ. ನಿಮ್ಮದಕ್ಕೆ ಬೇರೆ ಎಳೆ ತೆಗೆಯಿರಿ, ಅಂಕಿ ಹಾಕಿದರೆ ನೋಡೋಣ.

ಹೊನಗಾ ಫಿಟ್ಟರ್:
ಬಾಕಿ 15 ದಿನದ ಪ್ರಶ್ನಿ ಹಂಗ ಉಳೀತು. ಉದ್ಯಮ್ ನೋಂದಣಿ ಇದ್ರ 45 ದಿನದಾಗ ಕೊಡಾಕಬೇಕಂತ ಕಾನೂನೈತಿ. 45 ಅಂತ ಬರದ್ರ ಮುಗೀತು.

ಸಾಲದ ಕಡತ:
ಕಾನೂನು ಇದೆ. ಬರಹದ ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ, ಒಪ್ಪಂದ ಇಲ್ಲದಿದ್ದರೆ 15 ದಿನ. ಗಡುವಿನೊಳಗೆ ಕೊಡದಿದ್ದರೆ ಆ ಖರ್ಚು ಕೊಳ್ಳುವವರ ಆದಾಯ ತೆರಿಗೆಯಲ್ಲಿ ಆ ವರ್ಷಕ್ಕೆ ಸಿಗುವುದಿಲ್ಲ ಎಂಬುದೂ ಬಂದಿದೆ. ಆದರೆ ಕಾನೂನು ಹಕ್ಕು ಕೊಡುತ್ತದೆ, ಶನಿವಾರದ ಪಗಾರ ಕೊಡುವುದಿಲ್ಲ. ನೀವು ಯಾರಿಗೆ ಕೆಲಸ ಮಾಡಿಕೊಡಲಿದ್ದೀರೋ ಅವರು ಬೇರೆ ಜಾಬ್‌ವರ್ಕಿನವರಿಗೆ ಎಷ್ಟು ದಿನಕ್ಕೆ ಕೊಡುತ್ತಿದ್ದಾರೆ ಎಂದು ಅಕ್ಕಪಕ್ಕದ ಶೆಡ್ಡಿನಲ್ಲಿ ಕೇಳಿ, ಅದನ್ನೇ ಬರೆಯಿರಿ.

75 ದಿನ ಎಂದುಕೊಳ್ಳಿ. ಎರಡನೇ ವರ್ಷ ತಿಂಗಳ ಬಿಲ್ಲು 2.24 ಲಕ್ಷ, ಹೊರಗೆ ಸಿಕ್ಕಿಬೀಳುವುದು 5.6 ಲಕ್ಷ. ಅದಕ್ಕೆ ಸಿಸಿ ಮಿತಿ, ಅಂದರೆ ದಿನದ ವಹಿವಾಟಿಗೆ ಬೇಕಾದಾಗ ತೆಗೆದು ಕಟ್ಟುವ ಸಾಲ, ಬೇರೆ ಕೇಳಬೇಕು. ಸಣ್ಣ ಘಟಕಕ್ಕೆ ಅಂದಾಜು ವಹಿವಾಟಿನ 20% ಬ್ಯಾಂಕು, 5% ನೀವು ಎಂಬ ಲೆಕ್ಕದಲ್ಲಿ 5.38 ಲಕ್ಷ ಬರುತ್ತದೆ, ಹೊಂದುತ್ತದೆ. ನಿಮ್ಮ ರಿಪೋರ್ಟಿನಲ್ಲಿ 15 ದಿನ ಬರೆದದ್ದರಿಂದ ಸಿಸಿ ಬೇಡವೇ ಬೇಡ ಎಂದಾಗಿದೆ. ಆಮೇಲೆ ಪಗಾರಕ್ಕೆ ಹಣ ಸಾಲದೆ ಕಂತಿನ ಹಣ ಮುಟ್ಟುತ್ತಾರೆ. ಆರ್ಡರ್ ಇದ್ದೂ ಖಾತೆ ಕೆಡುವುದು ಹೀಗೇ. ಸಿಸಿ ಬಡ್ಡಿಯನ್ನೂ ಖರ್ಚಿನಲ್ಲಿ ಸೇರಿಸಿ, ಅಕ್ಕ ಹಾಕಿದ ಲೆಕ್ಕದಲ್ಲಿ ಅದಿಲ್ಲ.

ಲೆಕ್ಕದ ಅಕ್ಕ:
ಹೌದು, ಬಿಟ್ಟುಹೋಗಿದೆ. ಜಾಮೀನಿಲ್ಲದೆ ಸಿಜಿಟಿಎಂಎಸ್‌ಇ ಎಂಬ ಸಾಲ ಖಾತರಿ ಯೋಜನೆಯ ಅಡಿ ಕೊಟ್ಟರೆ ವರ್ಷ ವರ್ಷದ ಗ್ಯಾರಂಟಿ ಶುಲ್ಕವೂ ಖರ್ಚಿಗೆ ಸೇರುತ್ತದೆ. ಎರಡೂ ಸೇರಿದರೆ 1.23 ಇನ್ನೂ ಸ್ವಲ್ಪ ಇಳಿಯುತ್ತದೆ.

ಜಿಎಸ್‌ಟಿ ಪ್ರಶ್ನೆಗೆ ಬರುತ್ತೇನೆ. 50 ಲಕ್ಷದ ಮಷೀನು, ಸಾಮಾನಿಗೆ 18% ಎಂದರೆ 9 ಲಕ್ಷ. ಡೆಲಿವರಿಗೆ ಮೊದಲೇ ಕಟ್ಟಬೇಕು. ವಾಪಸ್ ಸಿಗುತ್ತದಲ್ಲ ಎಂದು ರಿಪೋರ್ಟಿನವರು ಬಿಟ್ಟಿದ್ದಾರೆ. ಸಿಗುವುದು ನಗದಾಗಿ ಅಲ್ಲ, ನಿಮ್ಮ ಬಿಲ್ಲಿನ ಮೇಲೆ ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುತ್ತಾ ಹೋಗುತ್ತದೆ. ಈ ವಹಿವಾಟಿಗೆ 9 ಲಕ್ಷ ಕರಗಲು ಎರಡು ವರ್ಷಕ್ಕೂ ಮೇಲೆ ಬೇಕು. ಅಂದರೆ ನೀವು ಹೊಂದಿಸಬೇಕಾದದ್ದು 18 ಅಲ್ಲ, 27 ಲಕ್ಷ.

ಮಚ್ಛೆ ಟರ್ನರ್:
ನನ್ನ ಕಡೆ ಇರೂದ 19 ಲಕ್ಷ. ಮಾವನವರು 5 ಕೊಡ್ತೀನಿ ಅಂದಾರ.

ಸಾಲದ ಕಡತ:
ಮಾವನವರ ಹಣ ರಿಪೋರ್ಟಿನಲ್ಲಿ ಜಾಮೀನುರಹಿತ ಸಾಲ ಎಂದು ಬರಲಿ, ಬ್ಯಾಂಕಿನ ಸಾಲ ತೀರುವವರೆಗೆ ವಾಪಸ್ ಕೇಳುವುದಿಲ್ಲ ಎಂಬ ಪತ್ರದ ಜೊತೆ. ಚೆಕ್ಕಿನ ಮೂಲಕವೇ ಬರಬೇಕು. ಆದರೂ 3 ಲಕ್ಷ ಕಡಿಮೆ. ತೆರಿಗೆ ಸೇರಿದ ಇನ್‌ವಾಯ್ಸ್ ಮೊತ್ತದ ಮೇಲೆ ಸಾಲ ಲೆಕ್ಕ ಹಾಕುತ್ತೀರಾ ಎಂದು ಶಾಖೆಯಲ್ಲಿ ಕೇಳಿ, ಕೆಲವೆಡೆ ಒಪ್ಪುತ್ತಾರೆ. ಆದರೆ ಸಾಲ ಹೆಚ್ಚಾದರೆ ಎರಡನೇ ವರ್ಷದ ಆ ಒಂದು ತಾಸೂ ಹೋಗುತ್ತದೆ.

ಹೊನಗಾ ಫಿಟ್ಟರ್:
ಒಂದು ಹೊಸಾದು, ಒಂದು ಹಳೇದು ತಗೊಂಡ್ರ?

ಟೂಲ್‌ರೂಮ್ ಮಾಮಾ:
ಹಳೇ ಮಷೀನಿಗೆ ಬ್ಯಾಂಕು ಮೌಲ್ಯಮಾಪನ ಕೇಳ್ತೈತಿ, ಉಳದ ಆಯುಷ್ಯ ಕೇಳ್ತೈತಿ. ಬಾಲ್‌ಸ್ಕ್ರೂ ಸವದಿದ್ರ ಫ್ಲ್ಯಾಂಜಿನ ಬೋರ್ ಅಳತಿ ಹಿಡಿಯೂದಿಲ್ಲ. ನೋಡದ ಹೇಳಾಕಾಗೂದಿಲ್ಲ.

ಮಚ್ಛೆ ಟರ್ನರ್:
ಸೋಮವಾರ ಫ್ಲ್ಯಾಂಜಿನ 50 ಕಾಸ್ಟಿಂಗ್ ಇಸ್ಕೊಂಡು, ಗೆಳ್ಯಾರ ಮಷೀನ್ ಮ್ಯಾಲೆ ಓಡಿಸಿ ಸೈಕಲ್ ಹಿಡೀತೀನ್ರಿ. 3 ನಿಮಿಷ ಬರ್ತೈತೋ ಇಲ್ಲೋ ಅದರ ಮ್ಯಾಲೆ ಎಲ್ಲಾ ನಿಂತೈತಿ. ಡ್ರಾಯಿಂಗ್ಸ್ ವಿಷಯ ಮನ್ಯಾಗ ಮಾತಾಡಬೇಕು.

ಟೂಲ್‌ರೂಮ್ ಮಾಮಾ:
ಮೊದಲ ಹತ್ತು ಪೀಸ್ ಬಿಟ್ಟು ಹಿಡೀರಿ. ಮತ್ತ ನೀವ ಓಡಸಬ್ಯಾಡ್ರಿ, 17,500 ಪಗಾರಕ್ಕ ಬರೂ ಹುಡುಗನ ಕೈಯಾಗ ಓಡಿಸಿ ಟೈಮ್ ನೋಡ್ರಿ. ಇನ್ಸರ್ಟ್ ಒಂದು ಮೂಲಿಗೆ ಎಷ್ಟು ಪೀಸ್ ಬಂದ್ವು ಅನ್ನೂದೂ ಬರದಿಡ್ರಿ, ತಾಸಿಗೆ 30 ರೂಪಾಯಿ ಖರೇನೋ ಸುಳ್ಳೋ ಅಲ್ಲೇ ತಿಳೀತೈತಿ.